ಉಪಸರ್ಗ ಕದಲುವುದಿಲ್ಲ, ಹೋಗುವುದು ಕ್ರಿಯಾಪದ

ಬೇರ್ಪಡುವ ಕ್ರಿಯಾಪದ ಬಂದರೆ ಉಪಸರ್ಗವನ್ನು ಕಿತ್ತು ವಾಕ್ಯದ ಕೊನೆಗೆ ಹಾಕಬೇಕು ಎಂದೇ ನನಗೆ ಜರ್ಮನ್ ಪಾಠದಲ್ಲಿ ಹೇಳಿಕೊಟ್ಟಿದ್ದರು. ಜರ್ಮನಿಗೆ ಬಂದು ದಿನವಿಡೀ ಅದೇ ಭಾಷೆಯಲ್ಲಿ ಕೆಲಸ ಮಾಡತೊಡಗಿದ ಮೇಲೆ ಈ ವಿವರಣೆ ತಲೆಕೆಳಗಾಗಿದೆ ಅನ್ನಿಸಿತು. ಉಪಸರ್ಗ ಎಲ್ಲಿಗೂ ಹೋಗುವುದಿಲ್ಲ, ಕೊನೆಯಲ್ಲೇ ಅದರ ಜಾಗ. ಎದ್ದು ಮುಂದಕ್ಕೆ ಹೋಗುವುದು ಕ್ರಿಯಾಪದ.

ಕನ್ನಡದವರಿಗೆ ಇದು ಬೇಗ ಹಿಡಿಸುತ್ತದೆ, ಏಕೆಂದರೆ ನಮ್ಮ ಕ್ರಿಯಾಪದವೂ ಕೊನೆಗೇ ಬರುವುದು. ಹಾಗಾಗಿ ಉಪವಾಕ್ಯದಿಂದ ಶುರುಮಾಡುವುದು ಮೇಲು. ‘ಆಪ್‌ಫಾರೆನ್’ ಎಂದರೆ ಹೊರಡುವುದು. ‘ವೈಲ್ ಡೇರ್ ತ್ಸೂಕ್ ಉಮ್ ಆಖ್ಟ್ ಆಪ್‌ಫೇರ್ಟ್’ ಎಂದರೆ ‘ರೈಲು ಎಂಟಕ್ಕೆ ಹೊರಡುವುದರಿಂದ’. ನಾವು ಕೊನೆಗೆ ಅಂಟಿಸುವ ‘-ದರಿಂದ’ ಅಲ್ಲಿ ‘ವೈಲ್’ ಆಗಿ ಮುಂದೆ ನಿಂತಿದೆ, ಉಳಿದ ಕ್ರಮ ನಮ್ಮದೇ. ಪ್ರಧಾನ ವಾಕ್ಯದಲ್ಲಾದರೆ ಕಾಲ, ಪುರುಷ ತೋರಿಸುವ ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ಇರಲೇಬೇಕು. ‘ಫೇರ್ಟ್’ ಅಲ್ಲಿಗೆ ಹೋಗುತ್ತದೆ, ‘ಆಪ್’ ಹಿಂದೆ ಉಳಿಯುತ್ತದೆ: ‘ಡೇರ್ ತ್ಸೂಕ್ ಫೇರ್ಟ್ ಉಮ್ ಆಖ್ಟ್ ಆಪ್’. ಆ ಸ್ಥಾನವನ್ನು ‘ಮುಸ್’ (ಬೇಕು) ಮೊದಲೇ ಹಿಡಿದಿದ್ದರೆ ‘ಆಪ್‌ಫಾರೆನ್’ ಒಡೆಯದೆ ಕೊನೆಯಲ್ಲಿ ಕೂರುತ್ತದೆ.

ಉಪವಾಕ್ಯ, ಪ್ರಧಾನ ವಾಕ್ಯ ಎರಡೂ ಒಟ್ಟಿಗೆ ಬರುವ ವಾಕ್ಯವೊಂದನ್ನು ನಾನು ಫೋನಿನಲ್ಲಿ ಆಗಾಗ ಹೇಳುತ್ತಿರುತ್ತೇನೆ: ‘ವೆನ್ ಇಷ್ ಆನ್‌ಕೊಮೆ, ರೂಫೆ ಇಷ್ ಡಿಷ್ ಆನ್’, ತಲುಪಿದ ಮೇಲೆ ಫೋನ್ ಮಾಡ್ತೀನಿ. ‘ವೆನ್’ ಇರುವ ಭಾಗ ಉಪವಾಕ್ಯ, ಅದಕ್ಕೇ ‘ಆನ್‌ಕೊಮೆ’ ಇಡಿಯಾಗಿದೆ. ಆ ಉಪವಾಕ್ಯವಿಡೀ ಮೊದಲ ಸ್ಥಾನವನ್ನು ತುಂಬುವುದರಿಂದ ಅಲ್ಪವಿರಾಮ ಕಳೆದ ತಕ್ಷಣ ಎರಡನೆಯ ಸ್ಥಾನ. ‘ರೂಫೆ’ ಅಲ್ಲಿಗೆ ಬರುತ್ತದೆ, ಅದರ ‘ಆನ್’ ಕೊನೆಯಲ್ಲಿ ಕಾಯುತ್ತದೆ. ಕಲಿಯುವವರು ಎಡವುವುದು ಮೊದಲರ್ಧದಲ್ಲಿ, ‘ವೆನ್ ಇಷ್ ಕೊಮೆ ಆನ್’ ಎಂದು. ‘ವೆನ್’, ‘ವೈಲ್’, ‘ದಾಸ್’ ಕಿವಿಗೆ ಬಿದ್ದರೆ ಕ್ರಿಯಾಪದವನ್ನು ಮುಂದೆ ತರಬಾರದು. ‘ವೈಲ್’ನ ಅರ್ಥವೇ ಇರುವ ‘ಡೆನ್’ ಮಾತ್ರ ಬೇರೆ, ಅದರ ಹಿಂದೆ ಪ್ರಧಾನ ವಾಕ್ಯದ ಕ್ರಮವೇ ನಡೆಯುತ್ತದೆ. (ಆಡುಮಾತಿನಲ್ಲಿ ‘ವೈಲ್’ ಆದಮೇಲೂ ಜರ್ಮನರು ಹಾಗೆ ಹೇಳುವುದುಂಟು. ಪರೀಕ್ಷೆಯಲ್ಲಿ ಅದನ್ನು ಬರೆಯಲು ಹೋಗಬೇಡಿ.)

ಒಡೆಯುವ ಪದ ಯಾವುದೆಂದು ಒತ್ತಿನಿಂದ ತಿಳಿಯುತ್ತದೆ. ‘ಉಮ್‌ಫಾರೆನ್’ನಲ್ಲಿ ‘ಉಮ್’ ಮೇಲೆ ಒತ್ತು ಬಿದ್ದರೆ ಗುದ್ದಿ ಬೀಳಿಸುವುದು, ‘ಫಾ’ ಮೇಲೆ ಬಿದ್ದರೆ ಬಳಸಿಕೊಂಡು ಹೋಗುವುದು. ಪ್ರಧಾನ ವಾಕ್ಯದಲ್ಲಿ ಗೊಂದಲವಿಲ್ಲ: ‘ಎರ್ ಫೇರ್ಟ್ ಡೇನ್ ಮಾನ್ ಉಮ್’ ಎಂದರೆ ಆ ಮನುಷ್ಯನನ್ನು ಗುದ್ದಿ ಬೀಳಿಸುತ್ತಾನೆ, ‘ಎರ್ ಉಮ್‌ಫೇರ್ಟ್ ಡೇನ್ ಮಾನ್’ ಎಂದರೆ ಅವನನ್ನು ತಪ್ಪಿಸಿ ಹೋಗುತ್ತಾನೆ. ‘ದಾಸ್ ಎರ್ ಡೇನ್ ಮಾನ್ ಉಮ್‌ಫೇರ್ಟ್’ ಎಂಬ ಉಪವಾಕ್ಯದಲ್ಲಿ ಎರಡೂ ಬರಹದಲ್ಲಿ ಒಂದೇ. ಹಾಗಾಗಿ ಹೊಸ ಕ್ರಿಯಾಪದ ಕಲಿತಾಗಲೆಲ್ಲ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ.