ಅಮ್ಮಿಯ ಚಿಕಿತ್ಸೆಗೆ ಹೊರಟಿದ್ದೇವೆ, ಎಲ್ಲಿ ಇಳಿದುಕೊಳ್ಳೋಣ?

ಮೋಮಿನಪುರದಿಂದ ನೀವು ಬರೆದ ಪತ್ರ ಓದಿದೆ. ಗಂಟಲ ಕ್ಯಾನ್ಸರ್‌ಗೆ ಆರು ವಾರ ರೇಡಿಯೇಷನ್ ಬೇಕೆಂದು ಅಮ್ಮಿಯನ್ನು ಬೆಂಗಳೂರಿನ ಕಿದ್ವಾಯಿಗೆ ಕಳಿಸಿದ್ದಾರೆ. ತಮ್ಮ ಹೋಟೆಲ್ ಸಾಕು ಅನ್ನುತ್ತಾನೆ, ಕಮಲಾಪುರದ ಅಕ್ಕ ಅಡುಗೆಮನೆ ಇರುವ ಮನೆಯೇ ಬೇಕು ಅನ್ನುತ್ತಾರೆ. ದುಡ್ಡು ಹೋದರೆ ಎಲ್ಲರೂ ನಿಮ್ಮನ್ನೇ ದೂರುತ್ತಾರೆಂದು ನಿಮಗೆ ನಿದ್ದೆ ಬರುತ್ತಿಲ್ಲ. ತಾಯಿಯ ಕಾಯಿಲೆಯ ಭಯದ ಮೇಲೆ ಲೆಕ್ಕದ ಹೊರೆಯೂ ಬಿದ್ದರೆ ಯಾರಿಗಾದರೂ ಹೀಗೇ ಆಗುತ್ತದೆ.

ಆದರೆ ಆರು ವಾರದ ನಿರ್ಧಾರವನ್ನು ಇವತ್ತೇ ಮಾಡಬೇಕಿಲ್ಲ. ರೇಡಿಯೇಷನ್ ಹೋದ ದಿನವೇ ಶುರುವಾಗುವುದಿಲ್ಲ. ಮೊದಲು ಮುಖದ ಅಳತೆಗೆ ಮಾಸ್ಕ್ ಮಾಡಿ, ಸ್ಕ್ಯಾನ್ ತೆಗೆದು, ಯೋಜನೆ ಹಾಕುತ್ತಾರೆ. ಆಮೇಲೆ ಯಂತ್ರದ ಸರದಿ ಬರಬೇಕು. ತಾರೀಖು ಮುಂದೆ ಹೋಗುವುದು ಸಾಮಾನ್ಯ. ಹಾಗಾಗಿ ಮೊದಲ ಐದು ರಾತ್ರಿಗೆ ಮಾತ್ರ, ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡುವ ಹೋಟೆಲ್ ಕೋಣೆ ಹಿಡಿಯಿರಿ. ದಿನಕ್ಕೆ 1,500 ರೂಪಾಯಿಯ ಆ ಕೋಣೆ, ಹಣ ವಾಪಸ್ ಇಲ್ಲದೆ 1,200ಕ್ಕೆ ಸಿಗುತ್ತದೆ ಎಂದುಕೊಳ್ಳಿ. ಐದು ರಾತ್ರಿಗೆ ಉಳಿಯುವುದು 1,500, ತಾರೀಖು ತಪ್ಪಿದರೆ ಹೋಗುವುದು 6,000. ಯಾವ ದಿನ, ಎಷ್ಟು ಗಂಟೆಯೊಳಗೆ ರದ್ದು ಮಾಡಬೇಕೆಂಬುದನ್ನು ಬರೆದಿಟ್ಟುಕೊಳ್ಳಿ.

ರೇಡಿಯೇಷನ್ ತಾರೀಖು ಕೈಗೆ ಬಂದ ಮೇಲೆ ಅಡುಗೆಮನೆಯ ಕಡೆ ನೋಡಿ. ಇದರಲ್ಲಿ ಅಕ್ಕನ ಮಾತೇ ಸರಿ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಗಂಟಲು ಉರಿದು ನುಂಗುವುದು ಕಷ್ಟವಾಗುತ್ತದೆ. ಖಾರವಿಲ್ಲದ ಗಂಜಿ, ಮೆತ್ತಗಿನ ಕಿಚಡಿ, ಸೋಸಿದ ಸೂಪನ್ನು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಬೇಕಾಗುತ್ತದೆ. ಹೋಂಸ್ಟೇಯಲ್ಲಿ ಮನೆಯವರೇ ಅಡುಗೆ ಮಾಡಿಕೊಡುವುದು ಹೆಚ್ಚು, ರಾತ್ರಿ ಹತ್ತಕ್ಕೆ ಒಲೆ ಹಚ್ಚಲು ನಿಮಗೆ ಸಂಕೋಚವಾದೀತು. ನಿಮ್ಮ ಅಗತ್ಯಕ್ಕೆ ಸಣ್ಣ ಅಪಾರ್ಟ್‌ಮೆಂಟೇ ಒಳ್ಳೆಯದು. ‘ಅಡುಗೆಮನೆ ಇದೆ’ ಎಂಬ ಒಂದು ಸಾಲನ್ನು ನಂಬಬೇಡಿ. ಗ್ಯಾಸ್ ಒಲೆಯೋ ಬರೀ ಮೈಕ್ರೋವೇವೋ, ಮಿಕ್ಸರ್ ಮತ್ತು ಫ್ರಿಜ್ ಇವೆಯೋ ಕೇಳಿ. ಮಾಂಸದ ಸೂಪು ಮಾಡಬಹುದೇ ಎಂದೂ ಮೊದಲೇ ಕೇಳಿಬಿಡಿ. ಕೆಲವು ಮಾಲೀಕರು ಒಪ್ಪುವುದಿಲ್ಲ, ಅಲ್ಲಿಗೆ ಹೋದ ಮೇಲೆ ಆ ಮಾತು ಕೇಳಿ ಅಮ್ಮಿ ನೋಯಬಾರದು. ಉತ್ತರ ಬರಹದಲ್ಲಿ ಇರಲಿ.

ಆರು ವಾರಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಏರ್‌ಬಿಎನ್‌ಬಿಯಂಥ ಕಡೆ 28 ರಾತ್ರಿ ಅಥವಾ ಹೆಚ್ಚಿನ ಬುಕಿಂಗ್‌ಗೆ ರದ್ದತಿಯ ನಿಯಮವೇ ಬೇರೆ, ನಡುವೆ ಬಿಟ್ಟರೆ ದೊಡ್ಡ ಮೊತ್ತ ಕೈತಪ್ಪಬಹುದು. ಅದಕ್ಕೇ ಎರಡೆರಡು ವಾರಕ್ಕೆ ಹಿಡಿಯುತ್ತಾ ಹೋಗಿ.

ವಿಮರ್ಶೆಗಳಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಇತ್ತೀಚಿನ ಮೂರು ತಿಂಗಳಿನವನ್ನು, ಅದರಲ್ಲೂ ವಾರಗಟ್ಟಲೆ ಉಳಿದವರು ಬರೆದದ್ದನ್ನು ಓದಿ. ನೀರು, ಲಿಫ್ಟ್, ಹಣ ವಾಪಸಾತಿ ಕುರಿತ ದೂರು ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬಂದಿದ್ದರೆ ಆ ಮನೆ ಬಿಡಿ.

ಮುಂಗಡ ಕಟ್ಟುವ ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು, ರೋಗಿಗಳ ಧರ್ಮಶಾಲೆಯಲ್ಲಿ ಜಾಗ ಇದೆಯೇ, ಅಲ್ಲಿ ಅಡುಗೆಗೆ ಅನುಕೂಲವಿದೆಯೇ ವಿಚಾರಿಸಿ. ಈ ನಿದ್ದೆಗೆಟ್ಟ ರಾತ್ರಿಗಳು ಮುಂದುವರಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.