ದುಡ್ಡು ಹಾಕಿದ ಮೇಲೆ ಎಚ್‌ಎಂಗೆ ಬರೆಯುವ ನಾಲ್ಕು ಸಾಲು

ಹಳೆಯ ವಿದ್ಯಾರ್ಥಿ ಮೊದಲ ಸಲ ಶಾಲೆಗೆ ದುಡ್ಡು ಹಾಕಿದಾಗ ಅದು ಶಾಲೆಗೆ ಕಾಣಿಸುವುದು ಪಾಸ್‌ಬುಕ್ಕಿನ ಒಂದು ಸಾಲಾಗಿ. ಅದರಲ್ಲಿ ತಾರೀಖು, ಮೊತ್ತ, ಹನ್ನೆರಡು ಅಂಕಿಯ ಯುಪಿಐ ನಂಬರು ಮತ್ತು ಅರ್ಧಕ್ಕೇ ಕತ್ತರಿಸಿಹೋದ ಒಂದು ಹೆಸರು ಇರುತ್ತವೆ. ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು ಎನ್ನುವುದು ಇರುವುದಿಲ್ಲ. ಅದನ್ನು ಹೇಳಬೇಕಾದ್ದು ಕೊಟ್ಟವರು ಎಚ್‌ಎಂಗೆ ಕಳಿಸುವ ಪುಟ್ಟ ವಾಟ್ಸಾಪ್ ಸಂದೇಶ. ಅದರಲ್ಲಿ ಸಾಮಾನ್ಯವಾಗಿ ಬರುವುದು ಇಷ್ಟು: ‘ನಮಸ್ತೆ ಮೇಡಂ, ನಾನು ನಿಮ್ಮ ಶಾಲೆಯ ಹಳೇ ಸ್ಟೂಡೆಂಟ್. ಅಮೌಂಟ್ ಹಾಕಿದೀನಿ. ನಮ್ಮ ಶಾಲೆ ನಮ್ಮ ಹೆಮ್ಮೆ.’ ಜೊತೆಗೆ ಕೈಮುಗಿದ ಮೂರು ಚಿತ್ರ.

ಮೂಕಂಡಪಲ್ಲಿಯ ಸಿಪ್‌ಕಾಟ್ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಓದಿದ್ದು ಹೊಸೂರು ಸೀಮೆಯ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ. ತಮಿಳುನಾಡಿನಲ್ಲಿ 2024ರಲ್ಲಿ ಶಾಲಾ ನಿರ್ವಹಣಾ ಸಮಿತಿಗಳನ್ನು ಹೊಸದಾಗಿ ಕಟ್ಟಿದಾಗ ಹಳೆಯ ವಿದ್ಯಾರ್ಥಿಗಳಿಗೂ ಜಾಗ ಕೊಟ್ಟರು. ‘ಅಣ್ಣಾ, ನಿಮಗೆ ಲೆಕ್ಕ ಗೊತ್ತು, ಬನ್ನಿ’ ಎಂದು ನನ್ನನ್ನೂ ಎಳೆದುಕೊಂಡರು. ಹಾಗಾಗಿ ಕೊಟ್ಟವರು ಬರೆದ ಸಂದೇಶಗಳನ್ನು ಈಗ ನಾನು ಇಸಕೊಳ್ಳುವವರ ಕಡೆ ಕೂತು ಓದುತ್ತೇನೆ. ಈ ಕಡೆಯಿಂದ ನೋಡಿದರೆ ಅವು ಬೇರೆಯೇ ಥರ ಕಾಣುತ್ತವೆ.

ಒಂದು ಬ್ಯಾಚಿನವರು ಹೊಸೂರಿನಲ್ಲಿ ಸೇರಿ ಊಟ ಮಾಡಿದ ವಾರದ ಕಥೆ ಹೇಳುತ್ತೇನೆ. ಸೋಮವಾರದಿಂದ ಬುಧವಾರದೊಳಗೆ ಶಾಲೆಯ ಖಾತೆಗೆ ಐದೈದು ಸಾವಿರದ ಮೂರು ಜಮೆ ಬಂದವು. ಎಚ್‌ಎಂ ಮೊಬೈಲಿಗೆ ಬಂದ ಸಂದೇಶವೂ ಮೂರೇ. ಲೆಕ್ಕ ಸರಿಹೋಗಬೇಕಿತ್ತು, ಹೋಗಲಿಲ್ಲ. ಒಬ್ಬರು ಮಗನ ಫೋನಿಂದ ಹಾಕಿದ್ದರು, ಪಾಸ್‌ಬುಕ್ಕಿನಲ್ಲಿ ಮಗನ ಹೆಸರು. ಇನ್ನೊಬ್ಬರು ತಮ್ಮ ಅಂಗಡಿಯ ಕರೆಂಟ್ ಅಕೌಂಟಿನಿಂದ ಕಳಿಸಿದ್ದರು, ಅಲ್ಲಿ ಬಂದದ್ದು ಯಾವುದೋ ಎಂಟರ್‌ಪ್ರೈಸಸ್. ಮೂರನೆಯವರದು ಸ್ವಂತ ಖಾತೆಯೇ, ಆದರೆ ಅವರು ಸಂದೇಶವನ್ನೇ ಕಳಿಸಿರಲಿಲ್ಲ. ಮೂರನೇ ಸಂದೇಶ ಬರೆದವರು ಹಾಕಿದ್ದು ನಮ್ಮ ಖಾತೆಗಲ್ಲ, ಪೋಷಕ-ಶಿಕ್ಷಕರ ಸಂಘದ ಖಾತೆಗೆ. ಒಂದೇ ಕಟ್ಟಡದಲ್ಲಿ ಎಸ್‌ಎಂಸಿಗೆ ಒಂದು ಖಾತೆ, ಪಿಟಿಎಗೆ ಇನ್ನೊಂದು ಇರುತ್ತದೆ ಎಂಬುದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ರಸೀದಿ ಬರೆಯುವ ಮೊದಲು ಎಚ್‌ಎಂ ಮೇಡಂ ಎಲ್ಲರಿಗೂ ಫೋನ್ ಮಾಡಿ, ‘ಸಾರ್, ನೀವು ಹಾಕಿದ್ದು ಯಾವ ನಂಬರಿಂದ?’ ಎಂದು ಕೇಳಬೇಕಾಯಿತು. ಕೊಟ್ಟವರಲ್ಲೊಬ್ಬರು ಮುನಿಸಿಕೊಂಡರು. ದುಡ್ಡನ್ನೂ ಕೊಟ್ಟು ವಿಚಾರಣೆಯನ್ನೂ ಎದುರಿಸಬೇಕೇ ಎಂದು.

ಮೇಡಂ ಕೇಳಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕು. ನಮ್ಮಲ್ಲಿ ಅಧ್ಯಕ್ಷೆಯೂ ಒಬ್ಬ ತಾಯಿ. ಬೆಳಿಗ್ಗೆ ಹೂವಿನ ತೋಟದ ಕೆಲಸ ಮುಗಿಸಿ ಸಭೆಗೆ ಬರುತ್ತಾರೆ. ಚೆಕ್ಕಿಗೆ ಅವರದೂ ಎಚ್‌ಎಂದೂ ಇಬ್ಬರ ಸಹಿ ಬೇಕು. ಯಾರದೆಂದು ತಿಳಿಯದ, ಯಾತಕ್ಕೆಂದು ಬರೆಯದ ದುಡ್ಡನ್ನು ಖರ್ಚು ಮಾಡಲು ಆ ತಾಯಿ ಸಹಿ ಹಾಕುವುದಿಲ್ಲ, ಹಾಕಲೂ ಬಾರದು. ಕ್ಯಾಷ್‌ಬುಕ್ಕಿನಲ್ಲಿ ಜಮೆಯ ಪಕ್ಕ ಏನು ಬರೆಯಬೇಕು ಎನ್ನುವುದಕ್ಕೆ ನಿಮ್ಮ ಸಂದೇಶವೇ ಆಧಾರ. ನನ್ನ ಕಾರ್ಖಾನೆಯ ಭಾಷೆಯಲ್ಲಿ ಅದು ವೋಚರ್. ಹೆಮ್ಮೆಯ ಸಾಲುಗಳು ಇರಲಿ, ನನಗೇನೂ ತಕರಾರಿಲ್ಲ. ಆದರೆ ಹೆಮ್ಮೆಗೆ ಮೊದಲು ಹನ್ನೆರಡು ಅಂಕಿ ಬರಲಿ.

ಆ ಅಂಕಿಗಳನ್ನು ಟೈಪ್ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸ್ಕ್ರೀನ್‌ಶಾಟ್ ಸಾಲದು. ಆ ಚಿತ್ರ ಎಚ್‌ಎಂ ಅವರ ಸ್ವಂತ ಫೋನಿನಲ್ಲಿ ಸಾವಿರ ‘ಶುಭೋದಯ’ಗಳ ನಡುವೆ ಸೇರಿಕೊಳ್ಳುತ್ತದೆ. ಮೇಡಂಗೆ ಬೇರೆ ಶಾಲೆಗೆ ವರ್ಗವಾದರೆ ಫೋನೂ ಅವರ ಜೊತೆ ಹೋಗುತ್ತದೆ, ಹೊಸಬರಿಗೆ ಪಾಸ್‌ಬುಕ್ ಮಾತ್ರ ಉಳಿಯುತ್ತದೆ. ಅಕ್ಷರದಲ್ಲಿರುವ ಸಂದೇಶವನ್ನಾದರೆ ನಾವು ಕಾಪಿ ಮಾಡಿ ಪ್ರಿಂಟ್ ತೆಗೆಸಿ ಫೈಲಿಗೆ ಅಂಟಿಸಬಹುದು, ನಡಾವಳಿ ಪುಸ್ತಕಕ್ಕೆ ಇಳಿಸಿಕೊಳ್ಳಬಹುದು. ಸಂದೇಶ ಚಿಕ್ಕದಿರಲಿ ಎನ್ನುವುದೂ ಇದಕ್ಕೇ. ನಡಾವಳಿ ಪುಸ್ತಕಕ್ಕೆ ಯಾರೂ ಎರಡು ಪುಟ ಕೈಬರಹದಲ್ಲಿ ಇಳಿಸುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಶಾಲೆ ಕನ್ನಡದ್ದು, ಆದರೆ ಮೇಲಿನ ಕಚೇರಿಯ ಕಾಗದಪತ್ರ ತಮಿಳಿನಲ್ಲಿ ನಡೆಯುತ್ತದೆ. ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ, ಮಕ್ಕಳ ಮುಂದೆ ಓದಿ ಹೇಳಲು ಅದೇ ಚೆಂದ. ಮೊತ್ತ, ತಾರೀಖು, ನಂಬರು, ಉದ್ದೇಶ ಮಾತ್ರ ಬೇರೆ ಬೇರೆ ಸಾಲಿನಲ್ಲಿರಲಿ. ಆಗ ಕನ್ನಡ ಬಾರದ ಅಧಿಕಾರಿಗೆ ಎಚ್‌ಎಂ ಪಕ್ಕದಲ್ಲೇ ತಮಿಳಿನಲ್ಲಿ ಒಂದೊಂದು ಪದ ಗುರುತು ಹಾಕಿ ತೋರಿಸಬಹುದು.

ಇನ್ನು ಉದ್ದೇಶದ ಮಾತು. ಅತಿ ಹೆಚ್ಚು ಗೋಜಲಾಗುವುದು ಇಲ್ಲೇ. ಏನೂ ಬರೆಯದವರಿಂದ ಒಂದು ಕಷ್ಟವಾದರೆ, ತೀರಾ ಬಿಗಿಯಾಗಿ ಬರೆಯುವವರಿಂದ ಇನ್ನೊಂದು. ಒಬ್ಬರು ಹತ್ತು ಸಾವಿರ ಹಾಕಿ ‘ಐದನೇ ಕ್ಲಾಸಿಗೆ ಫ್ಯಾನ್ ಮಾತ್ರ’ ಎಂದು ಬರೆದರು. ಅದೇ ತಿಂಗಳು ಒಂದು ಕಂಪನಿಯವರು ಎಲ್ಲ ಕೋಣೆಗೂ ಫ್ಯಾನ್ ಹಾಕಿಸಿಕೊಟ್ಟರು. ಆ ಹತ್ತು ಸಾವಿರ ಖಾತೆಯಲ್ಲಿ ಸುಮ್ಮನೆ ಕೂತಿತು. ಕೊಟ್ಟವರು ದುಬೈಯಲ್ಲಿದ್ದರು, ನಂಬರು ಬದಲಾಗಿತ್ತು. ಮಕ್ಕಳಿಗೆ ಕನ್ನಡ ಕಥೆಪುಸ್ತಕ ಬೇಕಿತ್ತು. ತಮಿಳುನಾಡಿನ ಕನ್ನಡ ಶಾಲೆಗೆ ಪಠ್ಯಪುಸ್ತಕ ಸರ್ಕಾರದಿಂದ ಬರುತ್ತದೆ, ಓದಿ ನಲಿಯುವ ಪುಸ್ತಕವನ್ನು ಗಡಿ ದಾಟಿ ಬೆಂಗಳೂರಿನಿಂದ ತರಬೇಕು. ದುಡ್ಡು ಇದ್ದೂ ಮುಟ್ಟುವಂತಿಲ್ಲ. ಆ ಸಂದೇಶದ ಕೊನೆಗೆ ‘ಇದಕ್ಕೆ ಬೇಡವಾದರೆ ಸಮಿತಿ ತೀರ್ಮಾನಿಸಿದ ಬೇರೆ ಕೆಲಸಕ್ಕೆ ಬಳಸಿ’ ಎಂಬ ಒಂದು ಸಾಲಿದ್ದಿದ್ದರೆ ಮುಂದಿನ ಸಭೆಯಲ್ಲೇ ಪುಸ್ತಕಕ್ಕೆ ಠರಾವು ಆಗುತ್ತಿತ್ತು.

ಮೊದಲ ಸಂದೇಶದಲ್ಲಿ ಬರೆಯಲೇಬಾರದ್ದು ಮುಂದೆ ಕೊಡುತ್ತೇವೆಂಬ ಮಾತು. ‘ಇನ್ನು ಪ್ರತಿ ತಿಂಗಳೂ ನಾವಿದ್ದೇವೆ ಮೇಡಂ’ ಎಂದು ಊಟದ ಖುಷಿಯಲ್ಲಿ ಬರೆದುಬಿಡುತ್ತಾರೆ. ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಆ ಒಂದು ಸಾಲನ್ನು ಓದಿದವರಿಗೆ ಏನು ಹೊಳೆಯುತ್ತದೆ? ಊರಿನಲ್ಲೇ ಓದಿದ ಹುಡುಗಿಯೊಬ್ಬಳನ್ನು ತಿಂಗಳಿಗಿಷ್ಟು ಎಂದು ಪಾಠಕ್ಕೆ ಕರೆಸುವುದು. ಇಂಥದ್ದೊಂದು ನಮ್ಮ ಪಕ್ಕದ ಊರಿನ ಶಾಲೆಯಲ್ಲಿ ಆಯಿತು. ಮೂರನೇ ತಿಂಗಳಿಗೆ ದುಡ್ಡು ನಿಂತಿತು. ಗುಂಪಿನವರಿಗೆ ಕೆಟ್ಟ ಬುದ್ಧಿ ಏನೂ ಇರಲಿಲ್ಲ, ಒಬ್ಬರ ಮಗಳ ಮದುವೆ, ಇನ್ನೊಬ್ಬರ ಕೆಲಸ ಹೋಯಿತು. ಆ ಹುಡುಗಿಗೆ ‘ನಾಳೆಯಿಂದ ಬರಬೇಡಮ್ಮ’ ಎನ್ನಬೇಕಾದ್ದು ಮಾತ್ರ ಎಚ್‌ಎಂಗೇ. ಮೊದಲ ಸಲ ಕೊಡುವವರು ಕೊಟ್ಟಿದ್ದನ್ನಷ್ಟೇ ಬರೆಯಲಿ. ಎರಡನೇ ಸಲ ಕೊಟ್ಟಾಗ ಎರಡನೇ ಸಂದೇಶ ಹೇಗೂ ಇದ್ದೇ ಇರುತ್ತದೆ.

ತೆರಿಗೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಎಸ್‌ಎಂಸಿ ಖಾತೆಗೆ ನೇರವಾಗಿ ಹಾಕಿದ ದುಡ್ಡಿಗೆ 80ಜಿ ಸರ್ಟಿಫಿಕೇಟ್ ಕೊಡಿ ಎಂದು ಎಚ್‌ಎಂ ಅವರನ್ನು ಕೇಳಿ ಫಲವಿಲ್ಲ. ಅವರು ಕೊಡಬಲ್ಲದ್ದು ರಸೀದಿ ಮಾತ್ರ. ತೆರಿಗೆ ವಿನಾಯಿತಿ ಬೇಕಾದವರು ತಮಿಳುನಾಡು ಸರ್ಕಾರ 2022ರ ಡಿಸೆಂಬರಿನಲ್ಲಿ ಆರಂಭಿಸಿದ ‘ನಮ್ಮ ಸ್ಕೂಲ್ ನಮ್ಮ ಊರು ಪಳ್ಳಿ’ ಯೋಜನೆಯ ದಾರಿ ಹಿಡಿಯಬೇಕು. ಅದರ ಪ್ರತಿಷ್ಠಾನಕ್ಕೆ ಅಧ್ಯಕ್ಷರಾದವರು ನಮ್ಮ ಹೊಸೂರಿನಲ್ಲೇ ಕಾರ್ಖಾನೆ ಇರುವ ಟಿವಿಎಸ್‌ನ ವೇಣು ಶ್ರೀನಿವಾಸನ್. ಅಲ್ಲಿ ನಿಮ್ಮ ಶಾಲೆಯನ್ನೇ ಆರಿಸಿ ಕೊಡಬಹುದು. ಹಾಗೆ ಕೊಟ್ಟರೂ ಎಚ್‌ಎಂಗೆ ಸಂದೇಶ ಬರೆಯುವುದನ್ನು ಬಿಡಬೇಡಿ, ಯಾಕೆಂದರೆ ಆ ದುಡ್ಡು ನಮ್ಮ ಪಾಸ್‌ಬುಕ್ಕಿಗೆ ಬರುವ ದುಡ್ಡಿನ ಹಾಗೆ ಕಣ್ಣೆದುರು ಇರುವುದಿಲ್ಲ. ಪೋರ್ಟಲ್ ಕೊಟ್ಟ ರಸೀದಿ ನಂಬರನ್ನು ಬರೆಯಿರಿ. ಪ್ಯಾನ್ ನಂಬರನ್ನು ಪೋರ್ಟಲ್‌ಗೆ ಕೊಟ್ಟರೆ ಸಾಕು, ವಾಟ್ಸಾಪಿನಲ್ಲಿ ಬೇಡ. ಹೊರದೇಶದಲ್ಲಿರುವವರು ಒಂದು ಮಾತು ಜಾಸ್ತಿ ಸೇರಿಸಬೇಕು: ‘ನನ್ನದು ಭಾರತದ ಪಾಸ್‌ಪೋರ್ಟ್.’ ಅಮೆರಿಕದ ಪೌರತ್ವ ಪಡೆದು ಓಸಿಐ ಕಾರ್ಡ್ ಇಟ್ಟುಕೊಂಡವರ ದುಡ್ಡು ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ. ಅಂಥವರು ಹಾಕುವ ಮೊದಲೇ ಕೇಳಬೇಕು; ಹಾಕಿ ಆಮೇಲೆ ಬರೆದರೆ ಅದನ್ನು ವಾಪಸು ಕಳಿಸುವುದೇ ಒಂದು ಪಾಡು.

ಮಕ್ಕಳ ಫೋಟೊ ಕೇಳುವವರ ಬಗ್ಗೆ ನನಗೆ ಸ್ವಲ್ಪ ಕೋಪವಿದೆ. ‘ಬ್ಯಾಗ್ ಹಿಡಿದುಕೊಂಡು ಮಕ್ಕಳು ಥ್ಯಾಂಕ್ಸ್ ಹೇಳೋ ವಿಡಿಯೋ ಕಳಿಸಿ ಮೇಡಂ’ ಎಂದು ಬರೆಯುತ್ತಾರೆ. ನಾವು ಓದುವಾಗ ನಮಗೆ ಸ್ಲೇಟು ಕೊಟ್ಟವರು ಯಾರೂ ನಮ್ಮನ್ನು ಸಾಲಾಗಿ ನಿಲ್ಲಿಸಲಿಲ್ಲ. ಕೊಂಡ ವಸ್ತು ಸ್ಟಾಕ್ ರಿಜಿಸ್ಟರಿಗೆ ಏರಿದ ಪುಟದ ಫೋಟೊ ಕೇಳಿ, ಬಿಲ್ಲಿನ ಫೋಟೊ ಕೇಳಿ. ಅದು ನಿಮ್ಮ ಹಕ್ಕು. ಹೆಸರು ಬೋರ್ಡಿನಲ್ಲಿ ಬೇಕೋ ಬೇಡವೋ ಎಂಬುದನ್ನೂ ಮುಚ್ಚುಮರೆ ಇಲ್ಲದೆ ಹೇಳಿಬಿಡಿ. ಸುಮ್ಮನಿದ್ದು, ಆಮೇಲೆ ಆ್ಯನ್ಯುಯಲ್ ಡೇ ದಿನ ಬಂದು ಹೆಸರು ಹುಡುಕುವವರನ್ನು ನೋಡಿದ್ದೇನೆ.

ಈಚೆಗೆ ಬಂದ ಒಂದು ಸಂದೇಶವನ್ನು ಫೈಲಿನ ಮೊದಲ ಹಾಳೆಯಾಗಿ ಇಟ್ಟಿದ್ದೇವೆ, ಕೇಳಿದವರಿಗೆ ತೋರಿಸಲು. ಬರೆದವರ ಗುರುತು ತೆಗೆದು ಇಲ್ಲಿ ಕೊಡುತ್ತೇನೆ:

‘ಮೇಡಂ, ನಮಸ್ಕಾರ. ನಾನು 1991ರಲ್ಲಿ ನಿಮ್ಮ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದವಳು. ಕೆರೆ ಬೀದಿಯ ಮನೆ.
ಎಸ್‌ಎಂಸಿ ಖಾತೆಗೆ ಇವತ್ತು 4,000 ರೂಪಾಯಿ ಹಾಕಿದ್ದೇನೆ. ದುಡ್ಡು ನನ್ನ ಗಂಡನ ಹೆಸರಿನಲ್ಲಿ ಬಂದಿರುತ್ತದೆ. ಯುಪಿಐ ನಂಬರ್ ಕೆಳಗಿದೆ.
ಕನ್ನಡ ಕಥೆಪುಸ್ತಕಕ್ಕೆ. ಪುಸ್ತಕ ಸಾಕಷ್ಟಿದ್ದರೆ ಸಮಿತಿಯವರು ಹೇಳಿದ ಕೆಲಸಕ್ಕೆ.
ಬೋರ್ಡಿನಲ್ಲಿ ಹೆಸರು ಬೇಡ. ರಸೀದಿ ನನ್ನ ಹೆಸರಿಗೆ ಕೊಡಿ. ಗುಣಾಕಾರ ಮಗ್ಗಿ ಕಲಿತದ್ದು ನಿಮ್ಮ ಶಾಲೆಯ ಬೇವಿನ ಮರದ ಕೆಳಗೆ.’

ಮಗ್ಗಿಯ ಸಾಲನ್ನು ಎಚ್‌ಎಂ ಮೇಡಂ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಓದಿದರು. ಉಳಿದ ಸಾಲುಗಳು ನೇರ ಕ್ಯಾಷ್‌ಬುಕ್ಕಿಗೆ ಹೋದವು. ಯಾರಿಗೂ ಒಂದು ಫೋನೂ ಮಾಡಬೇಕಾಗಲಿಲ್ಲ, ಆ ತಿಂಗಳ ಸಭೆಯಲ್ಲೇ ಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿತು.

ಶಾಲೆಯಿಂದ ಉತ್ತರ ತಡವಾದರೆ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಎರಡು ವಾರ ಬಿಡಿ. ಪರೀಕ್ಷೆ, ಚುನಾವಣೆ ಕೆಲಸ, ಗಣತಿ ಎಂದು ಎಚ್‌ಎಂ ಎಲ್ಲೆಲ್ಲೋ ಓಡಾಡುತ್ತಿರುತ್ತಾರೆ. ಆಮೇಲೂ ರಸೀದಿ ನಂಬರು ಬರದಿದ್ದರೆ ಅದೇ ಸಂದೇಶವನ್ನು ಹಾಗೇ ಇನ್ನೊಮ್ಮೆ ಕಳಿಸಿ, ಹೊಸದಾಗಿ ಏನೂ ಬರೆಯಬೇಡಿ. ಅದಕ್ಕೂ ಸದ್ದಿಲ್ಲವೆಂದರೆ ಊರಿನಲ್ಲಿರುವ ನಿಮ್ಮ ಕ್ಲಾಸ್‌ಮೇಟ್ ಒಬ್ಬರ ಕೈಲಿ ಪ್ರಿಂಟ್ ಕೊಟ್ಟು ತಿಂಗಳ ಸಭೆಗೆ ಕಳಿಸಿ. ಅಧ್ಯಕ್ಷೆಯ ಮುಂದೆ ಕಾಗದ ಇಟ್ಟರೆ ಅದು ಆ ದಿನದ ನಡಾವಳಿಯಲ್ಲಿ ಬಂದೇ ಬರುತ್ತದೆ.