ಎಳೆಯ ಮಕ್ಕಳೊಡನೆ ಐದು ದಿನದ ಪ್ರವಾಸ

ಮೂಗೂರಿನ ತ್ರಿಪುರಸುಂದರಿಯ ದರ್ಶನಕ್ಕೆ ಬಂದು ಸುತ್ತಲಿನ ಕ್ಷೇತ್ರಗಳನ್ನೂ ನೋಡಬಯಸುವ ದಂಪತಿಗಳು ದಿನಕ್ಕೆ ಒಂದೇ ಊರನ್ನು ಗೊತ್ತುಮಾಡಿಕೊಳ್ಳಿರಿ. ಮೊದಲ ದಿನ ಮೂಗೂರು, ಎರಡನೆಯ ದಿನ ತಲಕಾಡು, ಮೂರನೆಯ ದಿನ ತಿರುಮಕೂಡಲು ನರಸೀಪುರದ ಸಂಗಮ, ನಾಲ್ಕನೆಯ ದಿನ ನಂಜನಗೂಡು, ಐದನೆಯ ದಿನ ಸೋಮನಾಥಪುರ. ತಲಕಾಡಿನಲ್ಲಿ ನಡಿಗೆ ಹೆಚ್ಚು. ಆದುದರಿಂದಲೇ ಅದರ ಮರುದಿನಕ್ಕೆ ಹತ್ತಿರದ ನರಸೀಪುರವನ್ನು ಇರಿಸಿದೆ.

ತಲಕಾಡಿನ ದೇವಾಲಯಗಳಿಗೆ ಮರಳಿನ ಮೇಲೆ ನಡೆದು ಹೋಗಬೇಕು. ಬೆಳಿಗ್ಗೆ ತಣ್ಣಗಿರುವ ಈ ಮರಳು ನಡುಹಗಲಿಗೆ ಅಂಗಾಲು ಸುಡುವಷ್ಟು ಕಾಯುತ್ತದೆ. ನೆಲಕ್ಕೆ ಸಮೀಪವಾಗಿ ನಡೆಯುವ ಮಗುವಿಗೆ ಆ ಕಾವು ದೊಡ್ಡವರಿಗಿಂತ ಹೆಚ್ಚಾಗಿ ತಟ್ಟುತ್ತದೆ. ಆದಕಾರಣ ಮಗುವಿಗೆ ತಿಂಡಿ ತಿನ್ನಿಸಿ, ಏಳು ಗಂಟೆಯೊಳಗೆ ಅಲ್ಲಿಗೆ ತಲುಪಿ, ಹತ್ತೂವರೆಗೆ ದರ್ಶನ ಮುಗಿಸಿರಿ. ಒಂದೆರಡು ಗುಡಿಗಳು ಉಳಿದರೆ ಉಳಿಯಲಿ. ನದಿಗೆ ಮಕ್ಕಳನ್ನು ಇಳಿಸಬೇಡಿರಿ. ಮರಳಿನ ತಳದಲ್ಲಿ ಕಾಣದ ಗುಂಡಿಗಳಿರುತ್ತವೆ.

ಹನ್ನೆರಡರ ವೇಳೆಗೆ ಬಿಡಾರ ಸೇರಿ, ಊಟವಾದ ಮೇಲೆ ಮಗುವನ್ನು ನೆರಳಿನಲ್ಲಿ ಮಲಗಿಸಿರಿ. ಎಚ್ಚರವಾಗುವ ಮುನ್ನ ಎಬ್ಬಿಸಿ ಬಸ್ಸು ಹತ್ತಿಸುವುದು ತರವಲ್ಲ. ಸಂಜೆ ಐದರ ನಂತರ ಊರಿನೊಳಗೇ ಸ್ವಲ್ಪ ಅಡ್ಡಾಡಿದರೆ ಸಾಕು.

ತುಟಿ ಒಣಗಿ, ಮಗು ಕಾರಣವಿಲ್ಲದೆ ರಚ್ಚೆ ಹಿಡಿದು, ಮೂತ್ರ ಕಡಿಮೆಯಾಗಿ ಹಳದಿಗಟ್ಟಿದರೆ ನೀರಿನಂಶ ಸಾಲದಾಗಿದೆ ಎಂದು ತಿಳಿಯಿರಿ. ಕಾಯಿಸಿ ಆರಿಸಿದ ನೀರನ್ನು ಆಗಾಗ್ಗೆ ಕುಡಿಸಿರಿ. ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲನ್ನೇ ಹೆಚ್ಚು ಸಲ ಕೊಡಿರಿ. ಮರುದಿನದ ಪಯಣವನ್ನು ಬಿಟ್ಟು ವಿಶ್ರಮಿಸಿರಿ. ಮಗು ಮಂಕಾಗಿ ಹಾಲು ನೀರು ಮುಟ್ಟದಿದ್ದಲ್ಲಿ ತಡಮಾಡದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯಿರಿ.